ರೈತ ಉತ್ಪಾದಕ ಕಂಪನಿಯ ವಾರ್ಷಿಕ ಸಭೆ: ನಿರ್ದೇಶಕರಿಗೆ ಆಹ್ವಾನ ಪತ್ರ, ಕಾರ್ಯಸೂಚಿ, ಕೋರಂ ಮತ್ತು ಮತದಾನದ ಏರ್ಪಾಡು

ರೈತ ಉತ್ಪಾದಕ ಕಂಪನಿಗಳು 2013ರ ಕಂಪನಿ ಕಾಯ್ದೆಯ 21ಎ ಅಧ್ಯಾಯದ ಅಡಿಯಲ್ಲಿ ನಡೆಯುತ್ತವೆ. 1956ರ ಹಳೆಯ ಕಾಯ್ದೆಯಲ್ಲಿದ್ದ ನಿಯಮಗಳನ್ನು 2020ರ ತಿದ್ದುಪಡಿಯ ಮೂಲಕ ಹೊಸ ಕಾಯ್ದೆಗೆ ತರಲಾಯಿತು. 2021ರ ಫೆಬ್ರವರಿಯಿಂದ ಅವು ಜಾರಿಯಲ್ಲಿವೆ. ಸಭೆ, ಕೋರಂ ಮತ್ತು ಮತದಾನದ ವಿಷಯದಲ್ಲಿ ಈ ಅಧ್ಯಾಯ ಸಹಕಾರ ಸಂಘಗಳ ಕಾಯ್ದೆಗಿಂತ ಭಿನ್ನವಾಗಿದೆ. ಆದರೆ ನಮ್ಮ ಬಹುಪಾಲು ನಿರ್ದೇಶಕರು ಹಾಲು ಉತ್ಪಾದಕರ ಸಂಘ ಅಥವಾ ಪ್ರಾಥಮಿಕ ಕೃಷಿ ಪತ್ತಿನ ಸಂಘದಲ್ಲಿ ಪಳಗಿದವರು. ಅಲ್ಲಿಯ ರೂಢಿಯನ್ನೇ ಇಲ್ಲಿಗೂ ತರುತ್ತಾರೆ. ತೊಡಕು ಹೆಚ್ಚಾಗಿ ಅಲ್ಲಿಂದಲೇ ಆರಂಭವಾಗುತ್ತದೆ.

ವಾರ್ಷಿಕ ಸಭೆಯನ್ನು ಕಾಯ್ದೆಯ ಪ್ರಕಾರ ಕರೆಯದಿದ್ದರೆ ಆಗುವ ಪರಿಣಾಮವನ್ನು ಪ್ರತಿಯೊಬ್ಬ ನಿರ್ದೇಶಕರೂ ತಿಳಿದಿರಬೇಕು. 378ಕ್ಯೂ ಕಲಂನಂತೆ, ನೈಸರ್ಗಿಕ ವಿಕೋಪ ಅಥವಾ ಅಂತಹ ಬೇರೆ ಕಾರಣವಿಲ್ಲದೆ ವಾರ್ಷಿಕ ಸರ್ವಸದಸ್ಯರ ಸಭೆಯನ್ನು ಕಾಯ್ದೆಗೆ ಅನುಗುಣವಾಗಿ ಕರೆಯದ ಕಂಪನಿಯಲ್ಲಿ ನಿರ್ದೇಶಕರ ಸ್ಥಾನವೇ ತೆರವಾಗುತ್ತದೆ. ಕಾಯ್ದೆ ಇಲ್ಲಿ ಅಧ್ಯಕ್ಷರನ್ನು ಮಾತ್ರ ಹೊಣೆ ಮಾಡಿಲ್ಲ. ಸದಸ್ಯರಿಗೂ ನಷ್ಟವಿದೆ. ವಾರ್ಷಿಕ ಲೆಕ್ಕಪತ್ರದ ಅಂಗೀಕಾರ, ಆಯವ್ಯಯದ ಅನುಮೋದನೆ, ಷೇರು ಬಂಡವಾಳದ ಮೇಲಿನ ಮಿತ ಲಾಭಾಂಶ ಮತ್ತು ಸದಸ್ಯರು ಮಾಡಿದ ವ್ಯವಹಾರದ ಪ್ರಮಾಣಕ್ಕೆ ತಕ್ಕಂತೆ ನೀಡುವ ಬೋನಸ್, ಇವುಗಳನ್ನು ತೀರ್ಮಾನಿಸುವ ಅಧಿಕಾರ ಸರ್ವಸದಸ್ಯರ ಸಭೆಗೆ ಮಾತ್ರ ಇದೆ. ಸಭೆ ಊರ್ಜಿತವಾಗದಿದ್ದರೆ ಕಳೆದ ವರ್ಷ ಕಂಪನಿಗೆ ತೊಗರಿ ಅಥವಾ ಮೆಕ್ಕೆಜೋಳ ಕೊಟ್ಟ ರೈತನಿಗೆ ಬರಬೇಕಾದ ಬೋನಸ್ ಹಣ ಕಂಪನಿಯ ಖಾತೆಯಲ್ಲಿಯೇ ಉಳಿಯುತ್ತದೆ.

ಎರಡು ಸಭೆಗಳು, ಎರಡು ಕೋರಂಗಳು

ವಾರ್ಷಿಕ ಸಭೆಗೆ ನಿರ್ದೇಶಕರನ್ನು ಆಹ್ವಾನಿಸುವಾಗ ಮುಖ್ಯ ಕಾರ್ಯನಿರ್ವಹಣಾಧಿಕಾರಿಯು ಎರಡು ಸಭೆಗಳನ್ನು ಗಮನದಲ್ಲಿ ಇಟ್ಟುಕೊಳ್ಳಬೇಕು. ಮೊದಲನೆಯದು ನಿರ್ದೇಶಕ ಮಂಡಳಿಯ ಸಭೆ. ಲೆಕ್ಕಪರಿಶೋಧಕರು ಕೊಟ್ಟ ಲೆಕ್ಕಪತ್ರವನ್ನು ಒಪ್ಪಿ, ಮಂಡಳಿಯ ವರದಿಯನ್ನು ಸಿದ್ಧಪಡಿಸಿ, ವಾರ್ಷಿಕ ಸಭೆಯ ದಿನಾಂಕ, ಸ್ಥಳ ಮತ್ತು ಕಾರ್ಯಸೂಚಿಯನ್ನು ನಿಗದಿಪಡಿಸುವುದು ಇಲ್ಲಿಯೇ. ಎರಡನೆಯದು ಎಲ್ಲ ಷೇರುದಾರರ ವಾರ್ಷಿಕ ಸರ್ವಸದಸ್ಯರ ಸಭೆ. ಇದರಲ್ಲಿ ನಿರ್ದೇಶಕರು ವೇದಿಕೆಯ ಮೇಲೆ ಕುಳಿತಿದ್ದರೂ ಮತದ ಮಟ್ಟಿಗೆ ಉಳಿದ ಸದಸ್ಯರಂತೆಯೇ.

ಮಂಡಳಿಯ ಸಭೆಗೆ 378ವಿ ಕಲಂ ಅನ್ವಯಿಸುತ್ತದೆ. ಸಭೆಯ ದಿನಕ್ಕೆ ಕನಿಷ್ಠ 7 ದಿನ ಮೊದಲು ಪ್ರತಿ ನಿರ್ದೇಶಕರಿಗೂ ಲಿಖಿತ ನೋಟಿಸ್ ಕೊಡುವ ಹೊಣೆ ಮುಖ್ಯ ಕಾರ್ಯನಿರ್ವಹಣಾಧಿಕಾರಿಯದು. ತಪ್ಪಿದರೆ ದಂಡ ಅವರ ಮೇಲೆಯೇ ಬೀಳುತ್ತದೆ. ತುರ್ತಿದ್ದಲ್ಲಿ ಕಡಿಮೆ ಅವಧಿಯ ನೋಟಿಸ್ ಕೊಡಬಹುದು, ಆದರೆ ಅದರ ಕಾರಣವನ್ನು ಬರಹದಲ್ಲಿ ದಾಖಲಿಸಬೇಕು. ಇಲ್ಲಿಯ ಕೋರಂ ಒಟ್ಟು ನಿರ್ದೇಶಕರ ಮೂರನೆಯ ಒಂದು ಭಾಗ. ಯಾವ ಕಾರಣಕ್ಕೂ 3ಕ್ಕಿಂತ ಕಡಿಮೆ ಇರುವಂತಿಲ್ಲ.

ಸರ್ವಸದಸ್ಯರ ಸಭೆಯ ಕೋರಂ ಒಟ್ಟು ಸದಸ್ಯರ ನಾಲ್ಕನೆಯ ಒಂದು ಭಾಗ. ಕಂಪನಿಯ ಅಂತರ್ನಿಯಮಗಳು ಇದಕ್ಕಿಂತ ದೊಡ್ಡ ಸಂಖ್ಯೆಯನ್ನು ವಿಧಿಸಬಹುದು, ಚಿಕ್ಕ ಸಂಖ್ಯೆಯನ್ನು ವಿಧಿಸುವಂತಿಲ್ಲ. ಆದ್ದರಿಂದ ಆಹ್ವಾನ ಪತ್ರ ಬರೆಯುವ ಮುನ್ನ ಅಂತರ್ನಿಯಮಗಳ ಪುಸ್ತಕವನ್ನು ಬೀರುವಿನಿಂದ ಹೊರತೆಗೆದು ಒಮ್ಮೆ ಓದುವುದು ಒಳ್ಳೆಯದು. ನೋಂದಣಿಯ ಸಮಯದಲ್ಲಿ ಸಿದ್ಧ ಮಾದರಿಯಿಂದ ನಕಲು ಮಾಡಿದ ನಿಯಮಗಳಲ್ಲಿ ಏನಿದೆ ಎಂಬುದು ಎಷ್ಟೋ ನಿರ್ದೇಶಕರಿಗೆ ತಿಳಿದಿರುವುದಿಲ್ಲ.

ಒಂದು ಉದಾಹರಣೆಯನ್ನು ಹಿಡಿದು ಮುಂದುವರಿಯೋಣ. ಕಂಪನಿಯೊಂದರಲ್ಲಿ 612 ಸದಸ್ಯರಿದ್ದಾರೆ. ಎಲ್ಲರೂ ವ್ಯಕ್ತಿಗತ ರೈತರು. 9 ಮಂದಿ ಚುನಾಯಿತ ನಿರ್ದೇಶಕರಿದ್ದಾರೆ. ಮುಖ್ಯ ಕಾರ್ಯನಿರ್ವಹಣಾಧಿಕಾರಿಯು ಹುದ್ದೆಯ ಕಾರಣದಿಂದಲೇ ನಿರ್ದೇಶಕರಾಗಿರುವುದರಿಂದ ಮಂಡಳಿಯ ಒಟ್ಟು ಬಲ 10. ಅದರ ಮೂರನೆಯ ಒಂದು ಭಾಗ 3.33, ಅಂದರೆ 4 ಮಂದಿ ಹಾಜರಿದ್ದರೆ ಯಾವ ಆಕ್ಷೇಪಕ್ಕೂ ಎಡೆಯಿಲ್ಲ. ಸರ್ವಸದಸ್ಯರ ಸಭೆಗೆ 612ರ ನಾಲ್ಕನೆಯ ಒಂದು ಭಾಗ, ಎಂದರೆ 153 ಮಂದಿ ಬೇಕು.

ಈ ಎರಡು ಎಣಿಕೆಗಳಲ್ಲಿ ಒಂದು ಸೂಕ್ಷ್ಮವಿದೆ. ಮುಖ್ಯ ಕಾರ್ಯನಿರ್ವಹಣಾಧಿಕಾರಿಯನ್ನು ಸದಸ್ಯರಲ್ಲದವರಿಂದಲೇ ನೇಮಿಸಬೇಕೆಂಬುದು ಕಾಯ್ದೆಯ ನಿಯಮ. ಹೀಗಾಗಿ ಅವರು ಮಂಡಳಿಯ 4ರ ಕೋರಂನಲ್ಲಿ ಎಣಿಕೆಗೆ ಬರುತ್ತಾರೆ, ಸರ್ವಸದಸ್ಯರ ಸಭೆಯ 153ರಲ್ಲಿ ಬರುವುದಿಲ್ಲ. ಅಲ್ಲಿ ಅವರಿಗೆ ಮತವೂ ಇಲ್ಲ. ಸದಸ್ಯರಲ್ಲದ ತಜ್ಞ ನಿರ್ದೇಶಕರ ಸ್ಥಿತಿಯೂ ಸರ್ವಸದಸ್ಯರ ಸಭೆಯಲ್ಲಿ ಹೀಗೆಯೇ.

ದಿನಾಂಕವನ್ನು ಹಿಂದಿನಿಂದ ಎಣಿಸುವುದು

ಒಂದು ವಾರ್ಷಿಕ ಸಭೆಗೂ ಮುಂದಿನದಕ್ಕೂ ನಡುವೆ 15 ತಿಂಗಳಿಗಿಂತ ಹೆಚ್ಚು ಅಂತರ ಇರಬಾರದು. ಸೆಪ್ಟೆಂಬರ್ ತಿಂಗಳೊಳಗೆ ಸಭೆ ಮುಗಿಸುವುದು ಸಾಮಾನ್ಯ ರೂಢಿ. ಸಭೆ ವ್ಯವಹಾರದ ವೇಳೆಯಲ್ಲಿ ನಡೆಯಬೇಕು, ಸಾರ್ವಜನಿಕ ರಜಾದಿನವಾಗಿರಬಾರದು, ನೋಂದಾಯಿತ ಕಚೇರಿಯಲ್ಲಿ ಅಥವಾ ಆ ಕಚೇರಿ ಇರುವ ಊರಿನಲ್ಲಿಯೇ ಇರಬೇಕು. ರೈತರಿಗೆ ಅನುಕೂಲವೆಂದು ಭಾನುವಾರ ಸಭೆ ಇಡುವ ಕಂಪನಿಗಳಿವೆ. ವರ್ಗಾವಣೀಯ ಲಿಖಿತಗಳ ಕಾಯ್ದೆಯಲ್ಲಿ ಭಾನುವಾರವನ್ನು ಸಾರ್ವಜನಿಕ ರಜಾದಿನವೆಂದೇ ಪರಿಗಣಿಸಲಾಗಿದೆ. ವಾರದ ಬೇರೆ ದಿನವನ್ನು ಆರಿಸುವುದು ಕ್ಷೇಮ. ಅದು ಊರಿನ ಸಂತೆಯ ದಿನವಾದರೆ ಕೆಲವೆಡೆ ಜನ ಸೇರುತ್ತಾರೆ, ಕೆಲವೆಡೆ ಸಭೆಯಿಂದ ಎದ್ದು ಸಂತೆಗೆ ಹೋಗುತ್ತಾರೆ. ಇದನ್ನು ಸ್ಥಳೀಯ ನಿರ್ದೇಶಕರೇ ತೀರ್ಮಾನಿಸಬೇಕು. ಹಾಗೆಯೇ, ತಾಲ್ಲೂಕು ಕೇಂದ್ರದಲ್ಲಿ ಒಳ್ಳೆಯ ಕಲ್ಯಾಣ ಮಂಟಪವಿದೆಯೆಂದು ನೋಂದಾಯಿತ ಕಚೇರಿ ಇರುವ ಗ್ರಾಮವನ್ನು ಬಿಟ್ಟು ಅಲ್ಲಿ ಸಭೆ ಸೇರಿಸಿದರೆ ನಿಯಮಭಂಗವಾಗುತ್ತದೆ.

ಸದಸ್ಯರಿಗೂ ಲೆಕ್ಕಪರಿಶೋಧಕರಿಗೂ ಕನಿಷ್ಠ 14 ದಿನಗಳ ಲಿಖಿತ ನೋಟಿಸ್ ತಲುಪಬೇಕು. ನೋಟಿಸ್ ತಲುಪಿದ ದಿನವನ್ನೂ ಸಭೆಯ ದಿನವನ್ನೂ ಬಿಟ್ಟು 14 ದಿನ ಎಣಿಸಿದರೆ ವಾದಕ್ಕೆ ಅವಕಾಶವಿರುವುದಿಲ್ಲ. ಅಂಚೆಯಲ್ಲಿ ಕಳುಹಿಸಿದ ಸಭಾ ನೋಟಿಸ್ ಅಂಚೆಗೆ ಹಾಕಿದ 48 ಗಂಟೆಗಳ ನಂತರ ತಲುಪಿದೆಯೆಂದು ನಿಯಮ ಭಾವಿಸುತ್ತದೆ.

ನಮ್ಮ ಉದಾಹರಣೆಯ ಕಂಪನಿ ಸೆಪ್ಟೆಂಬರ್ 25ರಂದು ಬೆಳಿಗ್ಗೆ 11 ಗಂಟೆಗೆ ಸಭೆ ನಡೆಸಬೇಕೆಂದಿದೆ ಎಂದುಕೊಳ್ಳೋಣ. 24ರಿಂದ ಹಿಂದಕ್ಕೆ ಎಣಿಸಿದರೆ 14 ಪೂರ್ಣ ದಿನಗಳು ಸೆಪ್ಟೆಂಬರ್ 11ಕ್ಕೆ ಮುಗಿಯುತ್ತವೆ. ನೋಟಿಸ್ 10ರಂದು ತಲುಪಿರಬೇಕು, ಅಂದರೆ 8ರಂದು ಅಂಚೆಗೆ ಬಿದ್ದಿರಬೇಕು. ಮುದ್ರಣ ತಡವಾಗುವುದು, ವಿಳಾಸ ತಪ್ಪಾಗುವುದು ಸಾಮಾನ್ಯವಾದ್ದರಿಂದ ಸೆಪ್ಟೆಂಬರ್ 4ನ್ನು ಗುರಿಯಾಗಿ ಇಟ್ಟುಕೊಳ್ಳಬೇಕು. ನೋಟಿಸಿನ ಜೊತೆ ಲೆಕ್ಕಪತ್ರ ಹೋಗಬೇಕಾದುದರಿಂದ ಮಂಡಳಿಯ ಸಭೆ ಅದಕ್ಕೂ ಮೊದಲೇ ಮುಗಿದಿರಬೇಕು. ಅದನ್ನು ಆಗಸ್ಟ್ 27ಕ್ಕೆ ಇಡೋಣ. ಆ ಸಭೆಯ 7 ಪೂರ್ಣ ದಿನಗಳು ಆಗಸ್ಟ್ 20ರಿಂದ 26ರವರೆಗೆ. ಹಾಗಾದರೆ ನಿರ್ದೇಶಕರ ಕೈಗೆ ಮೊದಲ ಪತ್ರ ಆಗಸ್ಟ್ 19ರೊಳಗೆ ಸೇರಿರಬೇಕು. ಸೆಪ್ಟೆಂಬರ್ ಕೊನೆಯ ಸಭೆಯ ಕೆಲಸ ಆಗಸ್ಟ್ ನಡುವಿನಲ್ಲಿಯೇ ಆರಂಭವಾಗುತ್ತದೆ; ಲೆಕ್ಕಪರಿಶೋಧನೆಯನ್ನು ಅದಕ್ಕೂ ಮುಂಚೆ ಮುಗಿಸಿಕೊಡುವಂತೆ ಲೆಕ್ಕಪರಿಶೋಧಕರನ್ನು ಕೇಳಬೇಕಾಗುತ್ತದೆ.

ನಿರ್ದೇಶಕರಿಗೆ ಪತ್ರವನ್ನು ಕೈಯಾರೆ ತಲುಪಿಸಿ ರವಾನೆ ಪುಸ್ತಕದಲ್ಲಿ ಸಹಿ ಪಡೆಯುವುದು ಎಲ್ಲಕ್ಕಿಂತ ಸರಳ ದಾಖಲೆ. ವಾಟ್ಸಾಪ್ ಗುಂಪಿನಲ್ಲಿ ಹಾಕಿದ ಸಂದೇಶವನ್ನು ನೆನಪೋಲೆಯಾಗಿ ಬಳಸಿರಿ. ಅದೊಂದನ್ನೇ ನೋಟಿಸ್ ಎಂದು ನಂಬಬಾರದು.

ಸದಸ್ಯರ ಪಟ್ಟಿಯನ್ನು ಮೊದಲು ಸರಿಪಡಿಸುವುದು

ಆಗಸ್ಟ್ 27ರ ಮಂಡಳಿ ಸಭೆಯ ಕಾರ್ಯಸೂಚಿಯಲ್ಲಿ ಲೆಕ್ಕಪತ್ರ, ಮಂಡಳಿಯ ವರದಿ, ಬೋನಸ್ ಶಿಫಾರಸು, ಅವಧಿ ಮುಗಿಯುವ ನಿರ್ದೇಶಕರ ಸ್ಥಾನಗಳು, ಲೆಕ್ಕಪರಿಶೋಧಕರ ನೇಮಕದ ಕರಡು ನಿರ್ಣಯ ಮತ್ತು ವಾರ್ಷಿಕ ಸಭೆಯ ನೋಟಿಸ್ ಇದ್ದೇ ಇರುತ್ತವೆ. ಹೆಚ್ಚಿನ ಕಡೆ ಬಿಟ್ಟುಹೋಗುವ ವಿಷಯವೆಂದರೆ ಸದಸ್ಯರ ರಿಜಿಸ್ಟರಿನ ಪರಿಶೀಲನೆ.

ಕೋರಂನ ಲೆಕ್ಕ ರಿಜಿಸ್ಟರಿನಲ್ಲಿರುವ ಹೆಸರುಗಳ ಮೇಲೆ ನಿಂತಿದೆ. ಮೇಲಿನ ಕಂಪನಿಯ 612 ಮಂದಿಯಲ್ಲಿ 28 ಮಂದಿ ತೀರಿಹೋಗಿದ್ದು ಅವರ ಹೆಸರುಗಳು ಹಾಗೆಯೇ ಉಳಿದಿವೆ ಎಂದಿಟ್ಟುಕೊಳ್ಳಿ. ಕೋರಂ 153 ಎಂದೇ ಎಣಿಸಬೇಕಾಗುತ್ತದೆ, ಆದರೆ ಬರಬಲ್ಲವರು 584 ಮಂದಿ ಮಾತ್ರ. ತಂದೆಯ ಬದಲು ಸಭೆಗೆ ಬಂದ ಮಗ ಹಾಜರಿ ಪುಸ್ತಕದಲ್ಲಿ ಸಹಿ ಮಾಡಿದರೂ ಆತ ಸದಸ್ಯನಲ್ಲ; ಆ ಸಹಿಯನ್ನು ಲೆಕ್ಕಕ್ಕೆ ಹಿಡಿದರೆ ಇಡೀ ಕೋರಂ ಪ್ರಶ್ನೆಗೆ ಒಳಗಾಗುತ್ತದೆ. ಸದಸ್ಯರಾದ 3 ತಿಂಗಳೊಳಗೆ ಪ್ರತಿಯೊಬ್ಬರೂ ತಮ್ಮ ಷೇರಿಗೆ ನಾಮನಿರ್ದೇಶಿತರನ್ನು ಸೂಚಿಸಬೇಕೆಂದು ಕಾಯ್ದೆ ಹೇಳುತ್ತದೆ. ಆ ನಮೂನೆಗಳನ್ನು ತೆಗೆದು, ನಾಮನಿರ್ದೇಶಿತರು ಸ್ವತಃ ಉತ್ಪಾದಕರಾಗಿದ್ದರೆ ಷೇರನ್ನು ಅವರ ಹೆಸರಿಗೆ ಮಾಡಬೇಕು. ಉತ್ಪಾದಕರಲ್ಲದಿದ್ದರೆ ಷೇರನ್ನು ಕಂಪನಿಗೆ ಹಿಂದಿರುಗಿಸಿಕೊಂಡು ಹಣ ಕೊಡುವ ನಿರ್ಣಯವನ್ನು ಮಂಡಳಿ ಮಾಡಬೇಕು. ಮೊದಲನೆಯದರಿಂದ ಬರಬಲ್ಲವರ ಸಂಖ್ಯೆ ಏರುತ್ತದೆ, ಎರಡನೆಯದರಿಂದ ಕೋರಂನ ಸಂಖ್ಯೆ ಇಳಿಯುತ್ತದೆ.

ಇದೇ ತೊಡಕಿನ ಇನ್ನೊಂದು ರೂಪ ಮಹಿಳಾ ಸದಸ್ಯರ ವಿಷಯದಲ್ಲಿದೆ. ಷೇರು ಹೆಂಡತಿಯ ಹೆಸರಿನಲ್ಲಿದ್ದು ಸಭೆಗೆ ಗಂಡ ಬರುವುದು ನಮ್ಮ ಹಳ್ಳಿಗಳಲ್ಲಿ ಅಪರೂಪವಲ್ಲ. ಕೋರಂಗೆ ಬೇಕಾದದ್ದು ಸದಸ್ಯೆಯ ಸ್ವಂತ ಹಾಜರಿ. ಸಭೆಯ ವೇಳೆಯನ್ನು ಹಾಲು ಕರೆಯುವ, ಅಡುಗೆಯ ಹೊತ್ತಿಗೆ ತಾಗದಂತೆ ಇಟ್ಟು, ಬರಹೋಗಲು ವಾಹನದ ಏರ್ಪಾಡು ಮಾಡಿದ ಕಡೆ ಮಹಿಳೆಯರ ಹಾಜರಿ ಸುಧಾರಿಸುತ್ತದೆ. ಅವರು ಬಾರದ ಸಭೆಯಲ್ಲಿ ಕೋರಂ ಹೊಂದಿಸುವುದೂ ಕಷ್ಟ.

ಮಂಡಳಿಯ ಪಟ್ಟಿಯನ್ನೂ ಒಮ್ಮೆ ನೋಡಬೇಕು. ಕಂಪನಿಯಿಂದ ಪಡೆದ ಸಾಲ ಅಥವಾ ಮುಂಗಡವನ್ನು ಮರುಪಾವತಿ ಮಾಡದೆ ಸುಸ್ತಿಯಾದ ನಿರ್ದೇಶಕರ ಸ್ಥಾನವೂ 378ಕ್ಯೂ ಕಲಂನಂತೆ ತೆರವಾಗುತ್ತದೆ. ಗೊಬ್ಬರವನ್ನು ಕಡವಾಗಿ ಒಯ್ದು ಬಾಕಿ ಉಳಿಸಿಕೊಂಡ ನಿರ್ದೇಶಕರಿದ್ದರೆ ಅದು ಮುಂಗಡದ ವ್ಯಾಪ್ತಿಗೆ ಬರುತ್ತದೆಯೇ ಎಂದು ಲೆಕ್ಕಪರಿಶೋಧಕರನ್ನು ಮೊದಲೇ ಕೇಳಿ ತಿಳಿಯುವುದು ಲೇಸು. ಸಭೆಯ ನಡುವೆ ಸದಸ್ಯರೊಬ್ಬರು ಎದ್ದು ಕೇಳಿದಾಗ ಉತ್ತರ ಹುಡುಕುವುದು ಮುಜುಗರದ ಕೆಲಸ.

ನಿರ್ದೇಶಕರಿಗೆ ಆಹ್ವಾನ ಪತ್ರದ ಮಾದರಿ

ಸದಸ್ಯರಿಗೆ ಹೋಗುವ ಮುದ್ರಿತ ನೋಟಿಸನ್ನೇ ನಿರ್ದೇಶಕರಿಗೂ ಕಳುಹಿಸಿ ಸುಮ್ಮನಾಗುವುದು ರೂಢಿ. ಅದು ಸಾಲದು. ಪ್ರತಿ ನಿರ್ದೇಶಕರೂ ಕೆಲವು ಗ್ರಾಮಗಳ ಸದಸ್ಯರೊಡನೆ ಒಡನಾಟವುಳ್ಳವರು. 153 ಮಂದಿ ಬರುತ್ತಾರೋ ಇಲ್ಲವೋ ಎಂಬುದು ಅವರನ್ನೇ ಅವಲಂಬಿಸಿದೆ. ಆದ್ದರಿಂದ ಅವರ ಪತ್ರದಲ್ಲಿ ಅವರ ಗ್ರಾಮಗಳ ಸಂಖ್ಯೆಯನ್ನು ಬರೆದು ಕೊಡಬೇಕು. ಮೇಲಿನ ಕಂಪನಿ ಪ್ರತಿ ನಿರ್ದೇಶಕರ ಗ್ರಾಮಗಳಿಂದ ಮೂರನೆಯ ಒಂದು ಭಾಗದಷ್ಟು ಸದಸ್ಯರನ್ನು ನಿರೀಕ್ಷಿಸಿದರೆ ಒಟ್ಟು 204 ಆಗುತ್ತದೆ. ಮಳೆ, ಸಾವು ನೋವು, ಮದುವೆ ಎಂದು 51 ಮಂದಿ ತಪ್ಪಿಸಿಕೊಂಡರೂ ಕೋರಂ ಉಳಿಯುತ್ತದೆ. 110 ಸದಸ್ಯರಿರುವ ಗ್ರಾಮಗಳ ನಿರ್ದೇಶಕರಿಗೆ 37, 35 ಸದಸ್ಯರಿರುವವರಿಗೆ 12 ಎಂದು ಬರೆದುಕೊಟ್ಟರೆ ಹೊಣೆ ಸ್ಪಷ್ಟವಾಗುತ್ತದೆ.

ಪತ್ರವನ್ನು ಹೀಗೆ ಬರೆಯಬಹುದು:

> ದಿನಾಂಕ: ಸೆಪ್ಟೆಂಬರ್ 4
>
> ಇವರಿಗೆ,
> ಶ್ರೀ / ಶ್ರೀಮತಿ ……………………
> ನಿರ್ದೇಶಕರು, …………………… ರೈತ ಉತ್ಪಾದಕ ಕಂಪನಿ
>
> ಮಾನ್ಯರೇ,
>
> ವಿಷಯ: ವಾರ್ಷಿಕ ಸರ್ವಸದಸ್ಯರ ಸಭೆಗೆ ಆಹ್ವಾನ.
>
> ಆಗಸ್ಟ್ 27ರಂದು ನಡೆದ ನಿರ್ದೇಶಕ ಮಂಡಳಿಯ ಸಭೆಯ ನಿರ್ಣಯದಂತೆ ಕಂಪನಿಯ ವಾರ್ಷಿಕ ಸರ್ವಸದಸ್ಯರ ಸಭೆಯನ್ನು ಸೆಪ್ಟೆಂಬರ್ 25ರಂದು ಬೆಳಿಗ್ಗೆ 11 ಗಂಟೆಗೆ ಕಂಪನಿಯ ನೋಂದಾಯಿತ ಕಚೇರಿಯ ಆವರಣದಲ್ಲಿ ಕರೆಯಲಾಗಿದೆ. ತಾವು 10 ಗಂಟೆಗೇ ಆಗಮಿಸಿ ಹಾಜರಿ ನೋಂದಣಿಯ ಮೇಲ್ವಿಚಾರಣೆಗೆ ನೆರವಾಗಬೇಕೆಂದು ಕೋರುತ್ತೇನೆ.
>
> ಸಭೆಯ ಕಾರ್ಯಸೂಚಿ:
> 1. ಹಿಂದಿನ ವಾರ್ಷಿಕ ಸಭೆಯ ನಡವಳಿಯನ್ನು ಓದಿ ದೃಢಪಡಿಸುವುದು.
> 2. ಲೆಕ್ಕಪರಿಶೋಧಿತ ಆಸ್ತಿ ಹೊಣೆ ಪಟ್ಟಿ, ಲಾಭ ನಷ್ಟದ ಲೆಕ್ಕ ಹಾಗೂ ಮಂಡಳಿಯ ವರದಿಯನ್ನು ಅಂಗೀಕರಿಸುವುದು.
> 3. ಮೀಸಲು ನಿಧಿಗೆ ವರ್ಗಾವಣೆ, ಷೇರಿನ ಮೇಲಿನ ಮಿತ ಲಾಭಾಂಶ ಮತ್ತು ವ್ಯವಹಾರಕ್ಕೆ ತಕ್ಕ ಬೋನಸ್ ಕುರಿತು ತೀರ್ಮಾನಿಸುವುದು.
> 4. ಅವಧಿ ಮುಗಿದ 3 ನಿರ್ದೇಶಕರ ಸ್ಥಾನಗಳಿಗೆ ಚುನಾವಣೆ.
> 5. ಲೆಕ್ಕಪರಿಶೋಧಕರ ನೇಮಕ.
> 6. ಮುಂದಿನ ವರ್ಷದ ಆಯವ್ಯಯಕ್ಕೆ ಅನುಮೋದನೆ.
>
> ಕೋರಂ: ಇಂದಿನ ರಿಜಿಸ್ಟರಿನಂತೆ ಒಟ್ಟು ಸದಸ್ಯರು 612, ಸಭೆಗೆ ಬೇಕಾದ ಕನಿಷ್ಠ ಹಾಜರಿ 153. ತಮ್ಮ ವ್ಯಾಪ್ತಿಯ ಗ್ರಾಮಗಳಲ್ಲಿ …… ಸದಸ್ಯರಿದ್ದು, ಕನಿಷ್ಠ …… ಮಂದಿ ಸ್ವತಃ ಹಾಜರಾಗುವಂತೆ ತಾವು ಕ್ರಮ ವಹಿಸಬೇಕು. ಸದಸ್ಯರ ಪಟ್ಟಿಯನ್ನು ಲಗತ್ತಿಸಿದೆ. ಬರಲಾಗದವರ ಹೆಸರನ್ನು ಸೆಪ್ಟೆಂಬರ್ 21ರೊಳಗೆ ಕಚೇರಿಗೆ ತಿಳಿಸಿರಿ.
>
> ಮತದಾನ: ಪ್ರತಿ ಸದಸ್ಯರಿಗೂ ಒಂದೇ ಮತ. ನಿರ್ಣಯಗಳಿಗೆ ಕೈ ಎತ್ತುವ ಮೂಲಕ, ನಿರ್ದೇಶಕರ ಚುನಾವಣೆಗೆ ಗುಪ್ತ ಮತಪತ್ರದ ಮೂಲಕ ಮತದಾನ ನಡೆಯುವುದು. ಈ ಬಾರಿ ಅಭ್ಯರ್ಥಿಗಳಾಗಿರುವ ನಿರ್ದೇಶಕರು ಮತ ಎಣಿಕೆಯಲ್ಲಿ ಪಾಲ್ಗೊಳ್ಳಬಾರದೆಂದು ವಿನಂತಿ.
>
> ಇಂತು ತಮ್ಮ ವಿಶ್ವಾಸಿ,
> ಮುಖ್ಯ ಕಾರ್ಯನಿರ್ವಹಣಾಧಿಕಾರಿ
>
> ಲಗತ್ತು: ಹಿಂದಿನ ಸಭೆಯ ನಡವಳಿ, ಲೆಕ್ಕಪತ್ರ ಮತ್ತು ಮಂಡಳಿಯ ವರದಿ, ಅಭ್ಯರ್ಥಿಗಳ ಹೆಸರು ಮತ್ತು ಅರ್ಹತೆಯ ವಿವರ, ಲೆಕ್ಕಪರಿಶೋಧಕರ ನೇಮಕದ ಕರಡು ನಿರ್ಣಯ, ತಮ್ಮ ಗ್ರಾಮಗಳ ಸದಸ್ಯರ ಪಟ್ಟಿ.

ಕೊನೆಯ ಪಟ್ಟಿಯೊಂದನ್ನು ಬಿಟ್ಟು ಉಳಿದ ಲಗತ್ತುಗಳನ್ನು 378ಝೆಡ್‌ಎ ಕಲಂ ಕಡ್ಡಾಯ ಮಾಡಿದೆ. ಅವು ಸದಸ್ಯರ ನೋಟಿಸಿನ ಜೊತೆಗೂ ಹೋಗಬೇಕು. ಅಭ್ಯರ್ಥಿಗಳ ವಿವರ ನೋಟಿಸಿನೊಂದಿಗೇ ಹೋಗಬೇಕಾದುದರಿಂದ ನಾಮಪತ್ರಗಳನ್ನು ಆಗಸ್ಟ್ ಕೊನೆಯೊಳಗೆ ಪಡೆದಿರಬೇಕು. ಸಭೆಯ ದಿನ ಹೆಸರು ಸೂಚಿಸಿ ಚಪ್ಪಾಳೆಯ ನಡುವೆ ಆಯ್ಕೆ ಮಾಡುವ ಪದ್ಧತಿಗೆ ಈ ಕಾಯ್ದೆಯಲ್ಲಿ ನೆಲೆಯಿಲ್ಲ.

ಕಾರ್ಯಸೂಚಿಯ ಕೊನೆಗೆ ‘ಅಧ್ಯಕ್ಷರ ಅಪ್ಪಣೆಯ ಮೇರೆಗೆ ಇತರೆ ವಿಷಯಗಳು’ ಎಂಬ ಸಾಲನ್ನು ಸೇರಿಸುವ ಅಭ್ಯಾಸವಿದೆ. ರಸ್ತೆ ಕೆಟ್ಟಿದೆ, ಬೀಜ ತಡವಾಗಿ ಬಂತು ಎಂಬ ಚರ್ಚೆಗೆ ಅದು ಸರಿ. ಆ ಸಾಲಿನ ಅಡಿಯಲ್ಲಿ ಅಂತರ್ನಿಯಮಗಳ ತಿದ್ದುಪಡಿಯಂತಹ ವಿಷಯವನ್ನು ತರಲಾಗದು. ತಿದ್ದುಪಡಿಯ ಕರಡು ಮತ್ತು ಅದರ ಮೇಲಿನ ಮಂಡಳಿಯ ಶಿಫಾರಸು ನೋಟಿಸಿನ ಜೊತೆಯಲ್ಲಿಯೇ ಹೋಗಿರಬೇಕು. ಅದು ವಿಶೇಷ ನಿರ್ಣಯವಾದ್ದರಿಂದ ಪರವಾದ ಮತಗಳು ವಿರುದ್ಧ ಮತಗಳ ಮೂರು ಪಟ್ಟಿಗೆ ಕಡಿಮೆ ಇರಬಾರದು. 160 ಮಂದಿ ಮತ ಹಾಕಿ 120 ಪರ, 40 ವಿರುದ್ಧವಾದರೆ ನಿರ್ಣಯ ಅಂಗೀಕಾರವಾಗುತ್ತದೆ. 119 ಪರ, 41 ವಿರುದ್ಧವಾದರೆ ಬಿದ್ದುಹೋಗುತ್ತದೆ.

ಮತದಾನ

ಕಂಪನಿ ಎಂದ ಮಾತ್ರಕ್ಕೆ ಹೆಚ್ಚು ಷೇರು ಇದ್ದವರಿಗೆ ಹೆಚ್ಚು ಮತ ಎಂದು ಕೆಲವರು ಭಾವಿಸುತ್ತಾರೆ. 378ಡಿ ಕಲಂ ಇದನ್ನು ಒಪ್ಪುವುದಿಲ್ಲ. ಸದಸ್ಯರೆಲ್ಲ ವ್ಯಕ್ತಿಗಳಾಗಿದ್ದರೆ, ಅಥವಾ ವ್ಯಕ್ತಿಗಳೂ ಉತ್ಪಾದಕ ಸಂಸ್ಥೆಗಳೂ ಸೇರಿದ್ದರೆ, 1 ಷೇರು ಇದ್ದವರಿಗೂ 100 ಷೇರು ಇದ್ದವರಿಗೂ ಒಂದೇ ಮತ. ಸಂಸ್ಥೆಗಳೇ ಸದಸ್ಯರಾಗಿರುವ ಕಂಪನಿಯಲ್ಲಿ ಮಾತ್ರ ಹಿಂದಿನ ವರ್ಷದ ವ್ಯವಹಾರದ ಆಧಾರದ ಮೇಲೆ ಮತಗಳನ್ನು ನಿರ್ಧರಿಸಲಾಗುತ್ತದೆ.

ಮತವನ್ನು ಸಕ್ರಿಯ ಸದಸ್ಯರಿಗೆ ಮಾತ್ರ ಸೀಮಿತಗೊಳಿಸಲು ಕಾಯ್ದೆ ಅವಕಾಶ ಕೊಟ್ಟಿದೆ, ಆದರೆ ಅಂತರ್ನಿಯಮಗಳಲ್ಲಿ ಆ ಅಧಿಕಾರ ಇದ್ದರೆ ಮಾತ್ರ. ವರ್ಷಕ್ಕೆ ಎಷ್ಟು ಪ್ರಮಾಣದ ವ್ಯವಹಾರ ಮಾಡಿದವರು ಸಕ್ರಿಯರು ಎಂಬುದನ್ನೂ ಅಲ್ಲಿಯೇ ಬರೆದಿರಬೇಕು. ಮಂಡಳಿಯು ಚುನಾವಣೆಯ ಹೊತ್ತಿಗೆ ಒಂದು ನಿರ್ಣಯ ಮಾಡಿ ‘ಈ ವರ್ಷ ಬೆಳೆ ಕೊಡದವರಿಗೆ ಮತವಿಲ್ಲ’ ಎಂದು ಘೋಷಿಸಿದರೆ ಅದು ನಿಲ್ಲುವುದಿಲ್ಲ. ಬರಗಾಲದ ವರ್ಷದಲ್ಲಿ ಇಂತಹ ಘೋಷಣೆ ಅನ್ಯಾಯವೂ ಹೌದು.

ಹಾಜರಿ ಮೇಜಿನಲ್ಲಿ ರಿಜಿಸ್ಟರಿನ ಹೆಸರಿನೊಂದಿಗೆ ಗುರುತಿನ ಚೀಟಿಯನ್ನು ತಾಳೆ ನೋಡಿ, ಸಹಿ ಅಥವಾ ಹೆಬ್ಬೆಟ್ಟಿನ ಗುರುತು ಪಡೆದು, ಪ್ರತಿ ಸದಸ್ಯರಿಗೂ ಒಂದು ಬಣ್ಣದ ಕಾರ್ಡ್ ಕೊಡುವುದು ಅನುಕೂಲ. ಸದಸ್ಯರಲ್ಲದ ಅತಿಥಿಗಳು, ಇಲಾಖೆಯ ಅಧಿಕಾರಿಗಳು, ಜೊತೆಗೆ ಬಂದ ಮನೆಯವರು ಬೇರೆ ಕಡೆ ಕುಳಿತುಕೊಳ್ಳುವಂತೆ ಏರ್ಪಡಿಸಿದರೆ ಕೈ ಎತ್ತಿದಾಗ ಎಣಿಸುವುದು ಸುಲಭವಾಗುತ್ತದೆ. ‘ಸರ್ವಾನುಮತದಿಂದ’ ಎಂದು ನಡವಳಿಯಲ್ಲಿ ಬರೆಯುವ ಬದಲು ಪರ ಮತ್ತು ವಿರುದ್ಧದ ಸಂಖ್ಯೆಯನ್ನು ಬರೆಯಬೇಕು. ಮತಗಳು ಸಮವಾದಾಗ ಸಭೆಯ ಅಧ್ಯಕ್ಷತೆ ವಹಿಸಿದವರಿಗೆ ನಿರ್ಣಾಯಕ ಮತವಿದೆ. ಅಧ್ಯಕ್ಷರ ಆಯ್ಕೆಯ ವಿಷಯದಲ್ಲಿ ಮಾತ್ರ ಈ ಮತವಿಲ್ಲ. ಬದಲಿ ವ್ಯಕ್ತಿಯ ಮೂಲಕ ಮತ ಚಲಾಯಿಸುವ ಬಗ್ಗೆ ಅಂತರ್ನಿಯಮಗಳು ಏನು ಹೇಳುತ್ತವೆಂದು ನೋಡಿ ಪತ್ರದಲ್ಲಿ ತಿಳಿಸಬೇಕು. ಅವು ಏನೇ ಹೇಳಲಿ, ಬದಲಿಯಾಗಿ ಬಂದವರನ್ನು ಕೋರಂಗೆ ಎಣಿಸಬಾರದು.

ಕಾರ್ಯಸೂಚಿಯ ಕ್ರಮದಲ್ಲಿ ಬೋನಸ್ ಮತ್ತು ಚುನಾವಣೆಯನ್ನು ಊಟಕ್ಕೆ ಮೊದಲು ಇಡುವುದು ಅನುಭವದ ಮಾತು. ಬೆಳಿಗ್ಗೆ 180 ಸಹಿಗಳಿದ್ದ ಸಭೆಯಲ್ಲಿ ಊಟದ ನಂತರ 70 ಮಂದಿ ಉಳಿದಿದ್ದರೆ, ಆಗ ಮಾಡಿದ ನಿರ್ಣಯಕ್ಕೆ ಬೆಳಿಗ್ಗೆಯ ಸಹಿಗಳನ್ನು ತೋರಿಸುವುದು ದುರ್ಬಲ ಸಮರ್ಥನೆ.

ಕೋರಂ ತುಂಬದಿದ್ದರೆ

11 ಗಂಟೆಗೆ 118 ಮಂದಿ ಮಾತ್ರ ಬಂದಿದ್ದಾರೆ ಎಂದುಕೊಳ್ಳಿ. ‘ಕೋರಂ ಇಲ್ಲದ ಕಾರಣ ಸಭೆಯನ್ನು ಅರ್ಧ ಗಂಟೆ ಮುಂದೂಡಿ, ನಂತರ ಹಾಜರಿದ್ದ ಸದಸ್ಯರೊಂದಿಗೆ ಅದೇ ಸ್ಥಳದಲ್ಲಿ ನಡೆಸಲಾಯಿತು’ ಎಂಬ ವಾಕ್ಯ ಎಷ್ಟೋ ನಡವಳಿ ಪುಸ್ತಕಗಳಲ್ಲಿ ಕಾಣಸಿಗುತ್ತದೆ. ಕಂಪನಿ ಕಾಯ್ದೆಯ 103ನೆಯ ಕಲಂನಲ್ಲಿ ಅರ್ಧ ಗಂಟೆಯ ಮಾತು ಇರುವುದು ನಿಜ. ಅದು ಕಾಯಬೇಕಾದ ಅವಧಿ. 11.30ರವರೆಗೂ 153 ಆಗದಿದ್ದರೆ ಸಭೆ ಮುಂದಿನ ವಾರದ ಅದೇ ದಿನ, ಅದೇ ವೇಳೆ, ಅದೇ ಸ್ಥಳಕ್ಕೆ ಮುಂದೂಡಲ್ಪಡುತ್ತದೆ. ಮಂಡಳಿ ಬೇರೆ ದಿನಾಂಕವನ್ನು ನಿಗದಿ ಮಾಡಲೂಬಹುದು. ಮುಂದೂಡಿದ ಸಭೆಗೆ ಕನಿಷ್ಠ 3 ದಿನಗಳ ನೋಟಿಸನ್ನು ಸದಸ್ಯರಿಗೆ ನೇರವಾಗಿ ಅಥವಾ ಪತ್ರಿಕಾ ಪ್ರಕಟಣೆಯ ಮೂಲಕ ಕೊಡಬೇಕು. ಆ ಎರಡನೆಯ ಸಭೆಯಲ್ಲಿಯೂ ಅರ್ಧ ಗಂಟೆಯೊಳಗೆ ಕೋರಂ ಆಗದಿದ್ದರೆ ಆಗ ಹಾಜರಿದ್ದವರೇ ಕೋರಂ ಎನಿಸುತ್ತಾರೆ. ಅಂತರ್ನಿಯಮಗಳಲ್ಲಿ ಇದಕ್ಕೆ ಬೇರೆ ವಿಧಾನ ಇದೆಯೇ ಎಂಬುದನ್ನು ಆಹ್ವಾನ ಪತ್ರ ಕಳುಹಿಸುವ ಮೊದಲೇ ಕಂಪನಿ ಕಾರ್ಯದರ್ಶಿಯವರಿಂದ ತಿಳಿದುಕೊಂಡಿರಬೇಕು.

ಮುಂದೂಡಬೇಕಾದ ಸಂದರ್ಭ ಬಂದರೆ ಬಂದ 118 ಮಂದಿಯ ಸಹಿಯನ್ನು ಪಡೆದು, 11.30ಕ್ಕೆ ಎಣಿಸಿದ ಸಂಖ್ಯೆಯನ್ನು ನಡವಳಿಯಲ್ಲಿ ಬರೆದು, ಅಧ್ಯಕ್ಷರು ಮುಂದಿನ ದಿನಾಂಕವನ್ನು ಸಭೆಯಲ್ಲಿಯೇ ಓದಿ ಹೇಳಬೇಕು. ನಮ್ಮ ಉದಾಹರಣೆಯಲ್ಲಿ ಮುಂದಿನ ವಾರದ ಅದೇ ದಿನ ಎಂದರೆ ಅಕ್ಟೋಬರ್ 2, ಗಾಂಧಿ ಜಯಂತಿ. ಹೀಗಾಗಿ ಸೆಪ್ಟೆಂಬರ್ 25ನ್ನು ಆರಿಸುವಾಗಲೇ ಮಂಡಳಿಯು ಸೆಪ್ಟೆಂಬರ್ 30ರಂತಹ ಪರ್ಯಾಯ ದಿನವನ್ನು ಆಗಸ್ಟ್ 27ರ ಸಭೆಯಲ್ಲಿ ನಿರ್ಣಯಿಸಿ ಇಟ್ಟುಕೊಳ್ಳಬೇಕು. 3 ದಿನಗಳ ನೋಟಿಸ್ ಕೊಡಲು ಆಗ ಸಮಯ ಸಾಕಾಗುತ್ತದೆ.

ಸಭೆ ಮುಗಿದ 60 ದಿನಗಳೊಳಗೆ ನಡವಳಿ, ಮಂಡಳಿಯ ವರದಿ ಮತ್ತು ಲೆಕ್ಕಪತ್ರಗಳನ್ನು ಶುಲ್ಕದೊಂದಿಗೆ ಕಂಪನಿ ರಿಜಿಸ್ಟ್ರಾರ್ ಅವರಿಗೆ ಸಲ್ಲಿಸಬೇಕು. ಸೆಪ್ಟೆಂಬರ್ 25ರ ಸಭೆಗೆ ಆ ಕೊನೆಯ ದಿನ ನವೆಂಬರ್ 24. ಹಾಜರಿ ಪುಸ್ತಕ, ರವಾನೆ ಪುಸ್ತಕ ಮತ್ತು ಮತಪತ್ರಗಳ ಮೊಹರು ಮಾಡಿದ ಲಕೋಟೆಯನ್ನು ನಡವಳಿ ಪುಸ್ತಕದ ಜೊತೆಯಲ್ಲಿಯೇ ನೋಂದಾಯಿತ ಕಚೇರಿಯಲ್ಲಿ ಇಡಬೇಕು. ಅಧ್ಯಕ್ಷರ ಅಥವಾ ಸಿಬ್ಬಂದಿಯ ಮನೆಯಲ್ಲಿ ಇಡುವುದು ಬೇಡ.